ಬಡ್ಡಿಯಲ್ಲಿ ಕಟ್ ಆದ ದುಡ್ಡು ವಾಪಸ್ ತರುವ ಕೆಲಸ

ಮುಂಬೈ ಕಡೆಯ ಭಾಂಡುಪ್, ಮುಲುಂಡ್, ಡೊಂಬಿವಲಿಯಲ್ಲಿ ನಮ್ಮ ಕರಾವಳಿಯವರ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಸುತ್ತದೆ. "ಬ್ಯಾಂಕಿನವರು ಬಡ್ಡಿಯಲ್ಲಿ ಟ್ಯಾಕ್ಸ್ ಕಟ್ ಮಾಡಿದ್ದಾರೆ. ಹೋಯ್ತು, ಇನ್ನೇನು ಮಾಡೋದು." ಹೀಗೆ ಹೇಳುವವರು ಹೆಚ್ಚಾಗಿ ಹೋಟೆಲಿನಲ್ಲಿ, ಕಂಪನಿ ಕ್ಯಾಂಟೀನಿನಲ್ಲಿ, ಸಣ್ಣ ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಲ್ಲಿ ಕೂತಿರುವ ಹಿರಿಯರು. ಕೈಗೆ ಬಂದ ಪಿಎಫ್ ಮತ್ತು ಗ್ರಾಚ್ಯುಟಿ ದುಡ್ಡನ್ನು ಎಫ್‌ಡಿಯಲ್ಲಿ ಇಟ್ಟಿರುತ್ತಾರೆ. ಅದರ ಬಡ್ಡಿಯಲ್ಲೇ ಮನೆ ನಡೆಯುತ್ತದೆ.

ನಾನು ಸಂಜೆ ಹೊತ್ತು ಮತ್ತು ಭಾನುವಾರ ಇಂಥವರಿಗೆ ಫಾರ್ಮ್ ತುಂಬಿಕೊಡುತ್ತೇನೆ. ಬ್ಯಾಂಕಿಗೆ, ಸೊಸೈಟಿಗೆ, ಪಿಎಫ್ ಆಫೀಸಿಗೆ ಅರ್ಜಿ ಟೈಪ್ ಮಾಡಿಕೊಡುತ್ತೇನೆ. ಜೂನ್‌ನಿಂದ ಮಾತ್ರ ರಿಟರ್ನ್ ಕೆಲಸವೇ ಜಾಸ್ತಿ. ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ, ಒಂದು ಪ್ರಿಂಟರ್ ಇದೆ, ಅಷ್ಟೇ. ನಾನು ಸಿಎ ಅಲ್ಲ. ಅದನ್ನು ಬಂದವರಿಗೆ ಮೊದಲೇ ಹೇಳುತ್ತೇನೆ. ಈ ಎಲ್ಲಾ ಕೆಲಸಗಳಲ್ಲಿ ಒಂದರ ಬಗ್ಗೆ ಇವತ್ತು ಸ್ವಲ್ಪ ಉದ್ದವಾಗಿ ಬರೆಯಬೇಕು ಅನ್ನಿಸಿತು. ಅದು ಟಿಡಿಎಸ್, ಅಂದರೆ ಬ್ಯಾಂಕ್ ಬಡ್ಡಿಯಲ್ಲಿ ಮೊದಲೇ ಕಟ್ ಮಾಡಿದ ತೆರಿಗೆ, ವಾಪಸ್ ಪಡೆಯಲು ಹಾಕುವ ರಿಟರ್ನ್. ಇದರಲ್ಲಿ ಟೈಪಿಂಗ್ ಬಹಳ ಕಡಿಮೆ. ಟೈಪ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳೇ ಹೆಚ್ಚು.

ಮೊದಲು ವಿಷಯ ಏನು ಅಂತ ನೋಡೋಣ. ಬ್ಯಾಂಕ್ ಬಡ್ಡಿಯಲ್ಲಿ ಹಿಡಿದುಕೊಂಡ ದುಡ್ಡು ನಿಮ್ಮ ತೆರಿಗೆ ಅಂತ ತೀರ್ಮಾನ ಆದದ್ದಲ್ಲ. ಅದು ನಿಮ್ಮ ಪ್ಯಾನ್ ನಂಬರಿನ ಹೆಸರಲ್ಲಿ ಸರಕಾರದ ಹತ್ತಿರ ಮುಂಗಡವಾಗಿ ಜಮೆ ಆದದ್ದು. ವರ್ಷದ ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೆ ಅದು ಪೂರ್ತಿ ವಾಪಸ್ ಬರಬೇಕು. ಆದರೆ ತಾನಾಗಿ ಬರುವುದಿಲ್ಲ. ರಿಟರ್ನ್ ಹಾಕಿ ಕೇಳಬೇಕು. 2024-25ರಲ್ಲಿ 60 ದಾಟಿದವರಿಗೆ ಒಂದು ಬ್ಯಾಂಕಿನಿಂದ ಬರುವ ಬಡ್ಡಿ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಬ್ಯಾಂಕ್ ಶೇಕಡಾ 10 ಕಟ್ ಮಾಡುತ್ತಿತ್ತು. ಆ ವರ್ಷ ತೆರಿಗೆಯ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇರಲಿಲ್ಲ. ಈ ಎರಡು ಅಂಕಿಗಳ ನಡುವೆ ಸಿಕ್ಕಿಹಾಕಿಕೊಂಡವರೇ ನಮ್ಮ ಹಿರಿಯರು. ತೆರಿಗೆ ಕಟ್ಟಬೇಕಾಗಿಲ್ಲ, ಆದರೆ ದುಡ್ಡು ಮಾತ್ರ ಕಟ್ ಆಗಿದೆ.

ಈಗ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಹೆಸರು ಬೇಡ, ಅಣ್ಣ ಮತ್ತು ಅಕ್ಕ ಅಂತಲೇ ಇರಲಿ. ನಾನು ಕರೆಯುವುದೂ ಹಾಗೆಯೇ. ಅಣ್ಣನಿಗೆ 68, ಅಕ್ಕನಿಗೆ 63. ಅವರು ಬಂದದ್ದು 2025ರ ಮೇ ತಿಂಗಳಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ಕುಗಳು, ಎಫ್‌ಡಿ ರಸೀದಿಗಳು, ಆಧಾರ್, ಪ್ಯಾನ್ ಎಲ್ಲಾ ಇತ್ತು. ಅಣ್ಣ ಕೂತ ಕೂಡಲೇ ಹೇಳಿದರು, "ಎರಡು ಎಫ್‌ಡಿಯಲ್ಲಿ ಸೇರಿ ಹದಿನೈದು ಸಾವಿರದ ಮೇಲೆ ಕಟ್ ಮಾಡಿದ್ದಾರೆ. ಇವತ್ತೇ ಹಾಕಿಬಿಡು."

ಮೇ ತಿಂಗಳಲ್ಲಿ ಹಾಕಬಾರದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಂಕುಗಳು ಯಾರಿಂದ ಎಷ್ಟು ಕಟ್ ಮಾಡಿದ್ದೇವೆ ಅನ್ನುವ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಇಲಾಖೆಗೆ ಕೊಡುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ಲೆಕ್ಕ ಕೊಡಲು ಮೇ 31ರವರೆಗೆ ಸಮಯ ಇದೆ. ಆ ಲೆಕ್ಕ ಹೋದ ಮೇಲೆಯೇ ಅದು ನಿಮ್ಮ 26ಎಎಸ್‌ನಲ್ಲಿ ಕಾಣುವುದು. 26ಎಎಸ್ ಅಂದರೆ ನಿಮ್ಮ ಪ್ಯಾನ್ ಮೇಲೆ ಯಾರು ಎಷ್ಟು ಜಮೆ ಮಾಡಿದ್ದಾರೆ ಅನ್ನುವ ಇಲಾಖೆಯ ಪಟ್ಟಿ. ಅಣ್ಣನ ಪಟ್ಟಿ ತೆಗೆದು ನೋಡಿದೆವು. ಡಿಸೆಂಬರ್‌ವರೆಗಿನ ಮೂರು ಸಾಲು ಮಾತ್ರ ಇತ್ತು. ಒಂದೊಂದರಲ್ಲಿ 2,175 ರೂಪಾಯಿ. ಆ ದಿನವೇ ಹಾಕಿದ್ದರೆ ಕೊನೆಯ 2,175 ಬಿಟ್ಟುಹೋಗುತ್ತಿತ್ತು. ಪಾಸ್‌ಬುಕ್ ನೋಡಿ ನಾವೇ ಸೇರಿಸಿ ಬರೆದರೂ, ಇಲಾಖೆಯ ಪಟ್ಟಿಯಲ್ಲಿ ಇಲ್ಲದ ದುಡ್ಡು ಅಂತ ಲೆಕ್ಕ ತಾಳೆ ಆಗುತ್ತಿರಲಿಲ್ಲ. ಹಾಗಾಗಿ ಜೂನ್ 15 ಕಳೆದ ಮೇಲೆ ಬನ್ನಿ ಅಂದೆ. ಅಷ್ಟು ಹೊತ್ತಿಗೆ ಬ್ಯಾಂಕ್ 16ಎ ಅನ್ನುವ ಟಿಡಿಎಸ್ ಸರ್ಟಿಫಿಕೇಟನ್ನೂ ಕೊಡಬೇಕು. ಅದನ್ನೂ ಕೇಳಿ ತನ್ನಿ ಅಂದೆ.

ಅಣ್ಣನಿಗೆ ಸ್ವಲ್ಪ ಬೇಜಾರಾಯಿತು. ಭಾಂಡುಪ್‌ನ ಗುಡ್ಡದ ಮೇಲಿನ ಚಾಳಿನಿಂದ ಇಳಿದು ಬರುವುದು ಅವರ ಮಂಡಿಗೆ ಕಷ್ಟ. ಆದರೂ ಕಾಯುವುದೇ ಸರಿ. ಆ ವರ್ಷ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಆಮೇಲೆ ಇನ್ನೊಂದು ದಿನ ಮುಂದಕ್ಕೆ ಹಾಕಿದ್ದರು. ಗಡಿಬಿಡಿ ಏನೂ ಇರಲಿಲ್ಲ.

ಆ ದಿನ ಇನ್ನೊಂದು ವಿಷಯ ಗೊತ್ತಾಯಿತು. ಅಣ್ಣ ಹೇಳಿದ ಎರಡು ಎಫ್‌ಡಿಯಲ್ಲಿ ಒಂದು ಅವರ ಪಟ್ಟಿಯಲ್ಲಿ ಇರಲೇ ಇಲ್ಲ. ರಸೀದಿ ತೆಗೆದು ನೋಡಿದರೆ ಜಂಟಿ ಎಫ್‌ಡಿ. ಮೊದಲ ಹೆಸರು ಅಕ್ಕನದ್ದು, ಎರಡನೆಯದು ಅಣ್ಣನದ್ದು. ಜಂಟಿ ಎಫ್‌ಡಿಯಲ್ಲಿ ಬ್ಯಾಂಕ್ ಟಿಡಿಎಸ್ ಹಾಕುವುದು ಮೊದಲ ಹೆಸರಿನವರ ಪ್ಯಾನ್ ಮೇಲೆ. ಹಾಗಾಗಿ ಆ ದುಡ್ಡು ಅಕ್ಕನ ಲೆಕ್ಕದಲ್ಲಿ ಕೂತಿದೆ. ಅಣ್ಣ ಎಷ್ಟು ರಿಟರ್ನ್ ಹಾಕಿದರೂ ಅದು ಅವರಿಗೆ ಬರುವುದಿಲ್ಲ. ಅಕ್ಕ ಬೇರೆಯೇ ರಿಟರ್ನ್ ಹಾಕಬೇಕು.

ಇಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಈ ದುಡ್ಡು ನಿಜವಾಗಿ ಯಾರದ್ದು? ಕೇಳಲು ಮುಜುಗರ ಆಗುತ್ತದೆ, ಆದರೆ ಕೇಳಲೇಬೇಕು. ಗಂಡ ತನ್ನ ದುಡ್ಡನ್ನು ಹೆಂಡತಿಗೆ ಸುಮ್ನೆ ಕೊಟ್ಟು ಅವಳ ಹೆಸರಲ್ಲಿ ಇಟ್ಟಿದ್ದರೆ, ಅದರ ಬಡ್ಡಿ ಕಾನೂನಿನ ಪ್ರಕಾರ ಗಂಡನ ಆದಾಯಕ್ಕೇ ಸೇರುತ್ತದೆ. ಆಗ ಆದಾಯ ಒಬ್ಬರದ್ದು, ಟಿಡಿಎಸ್ ಇನ್ನೊಬ್ಬರ ಪ್ಯಾನ್ ಮೇಲೆ ಅಂತ ಗೋಜಲಾಗುತ್ತದೆ. ಅಂಥದ್ದು ಬಂದರೆ ನಾನು ಕೈ ಹಾಕುವುದಿಲ್ಲ, ಸಿಎ ಹತ್ತಿರ ಕಳಿಸುತ್ತೇನೆ. ಈ ಮನೆಯಲ್ಲಿ ಹಾಗಿರಲಿಲ್ಲ. ಅಕ್ಕನೇ ಬಾಯಿ ಬಿಟ್ಟರು. "ಅದು ನನ್ನ ತಾಯಿಮನೆ ಜಾಗ ಮಾರಿದಾಗ ಬಂದ ಪಾಲು. ಇವರ ಹೆಸರು ಸುಮ್ನೆ ಹಾಕಿದ್ದು, ನನಗೆ ಏನಾದರೂ ಆದರೆ ಅಂತ." ಪಾಲಿನ ಪತ್ರದ ಝೆರಾಕ್ಸ್ ಕೂಡ ಇತ್ತು. ಅದನ್ನು ಎಫ್‌ಡಿ ರಸೀದಿಯ ಜೊತೆ ಸೇರಿಸಿ ಇಡಿ ಅಂದೆ. ಯಾವತ್ತಾದರೂ ಯಾರಾದರೂ ಕೇಳಿದರೆ ತೋರಿಸಲು ಬೇಕು.

ಅಕ್ಕನ ಎಫ್‌ಡಿಯಲ್ಲಿ ಇನ್ನೊಂದು ಗೊಂದಲ ಇತ್ತು. ಅದು ಕೊನೆಯಲ್ಲಿ ಬಡ್ಡಿ ಸಮೇತ ಒಟ್ಟಿಗೆ ಕೈಗೆ ಬರುವ ಎಫ್‌ಡಿ. "ನನಗೆ ಇನ್ನೂ ಒಂದು ರೂಪಾಯಿ ಬಡ್ಡಿ ಬಂದಿಲ್ಲ. ಬಾರದ ಬಡ್ಡಿಗೆ ಟ್ಯಾಕ್ಸ್ ಹೇಗೆ ಕಟ್ ಮಾಡಿದರು?" ಅಂತ ಕೇಳಿದರು. ಕೇಳುವುದು ನ್ಯಾಯವೇ. ಆದರೆ ಇಂಥ ಎಫ್‌ಡಿಯಲ್ಲಿ ಬ್ಯಾಂಕ್ ಪ್ರತಿ ವರ್ಷದ ಬಡ್ಡಿಯನ್ನು ಆಯಾ ವರ್ಷವೇ ಲೆಕ್ಕ ಹಾಕಿ ಅಸಲಿಗೆ ಸೇರಿಸುತ್ತದೆ. ಕೈಗೆ ಬರದಿದ್ದರೂ ಅದು ಆ ವರ್ಷದ ಬಡ್ಡಿಯೇ, ಟಿಡಿಎಸ್ ಕೂಡ ಆ ವರ್ಷವೇ ಕಟ್ ಆಗುತ್ತದೆ. ಎಫ್‌ಡಿ ಮುಗಿದ ಮೇಲೆ ಒಟ್ಟಿಗೆ ನೋಡಿಕೊಳ್ಳೋಣ ಅಂತ ಕಾದರೆ ಮೊದಲ ವರ್ಷಗಳ ಕಟ್ ಆದ ದುಡ್ಡು ಕೈ ತಪ್ಪಬಹುದು. ಆಗ ಆ ವರ್ಷಗಳ ರಿಟರ್ನ್ ಹಾಕುವ ಸಮಯ ಮುಗಿದಿರುತ್ತದೆ.

ಜೂನ್ ಕೊನೆಗೆ ಇಬ್ಬರೂ ಮತ್ತೆ ಬಂದರು. ಅಣ್ಣನ ಎಫ್‌ಡಿ ಬಡ್ಡಿ 87,000. ಕಟ್ ಆದದ್ದು 8,700, ಈಗ ನಾಲ್ಕು ಸಾಲೂ ಪಟ್ಟಿಯಲ್ಲಿ ಇದ್ದವು. ಅಕ್ಕನ ಬಡ್ಡಿ 72,000, ಕಟ್ ಆದದ್ದು 7,200. ಈ ಭಾಗಾಕಾರವನ್ನು ನಾನು ಮೊದಲು ಮಾಡಿ ನೋಡುತ್ತೇನೆ. ಬಡ್ಡಿಯ ಹತ್ತನೇ ಒಂದು ಭಾಗ ಕಟ್ ಆಗಿದ್ದರೆ ಪ್ಯಾನ್ ಸರಿಯಾಗಿದೆ ಅಂತ ಅರ್ಥ. ಐದನೇ ಒಂದು ಭಾಗ ಹೋಗಿದ್ದರೆ ಒಂದೋ ಬ್ಯಾಂಕಿನಲ್ಲಿ ಪ್ಯಾನ್ ಕೊಟ್ಟಿಲ್ಲ, ಇಲ್ಲವೇ ಆಧಾರ್ ಜೊತೆ ಲಿಂಕ್ ಆಗದೆ ಪ್ಯಾನ್ ನಿಂತುಹೋಗಿದೆ. 2023ರ ಜುಲೈ 1ರಿಂದ ಲಿಂಕ್ ಆಗದ ಪ್ಯಾನ್‌ಗಳು ಹೀಗೆ ನಿಂತುಹೋದವು. ನಿಂತ ಪ್ಯಾನ್‌ಗೆ ರಿಫಂಡ್ ಬರುವುದಿಲ್ಲ. ಮೊದಲು 1,000 ರೂಪಾಯಿ ಕಟ್ಟಿ ಲಿಂಕ್ ಮಾಡಿಸಿಕೊಂಡೇ ಮುಂದೆ ಹೋಗಬೇಕು. 80 ದಾಟಿದವರಿಗೆ ಈ ಲಿಂಕ್ ಕಡ್ಡಾಯ ಅಲ್ಲ, ಇದು ಅವರ ಮಕ್ಕಳಿಗೂ ಹೆಚ್ಚಾಗಿ ಗೊತ್ತಿರುವುದಿಲ್ಲ.

ಆಮೇಲೆ ಉಳಿದ ಆದಾಯ. ಅಣ್ಣನಿಗೆ ಪಿಎಫ್ ಪಿಂಚಣಿ ತಿಂಗಳಿಗೆ 2,400 ಬರುತ್ತದೆ. ವರ್ಷಕ್ಕೆ 28,800. ಕೆಲವರು ಇದನ್ನು ಬರೆಯುವುದೇ ಇಲ್ಲ, ಹೇಗೂ ತೆರಿಗೆ ಇಲ್ಲವಲ್ಲ ಅಂತ. ನಾನು ಬರೆಯುತ್ತೇನೆ. ಪಿಂಚಣಿಗೆ ಹೊಸ ಪದ್ಧತಿಯಲ್ಲಿ ಆ ವರ್ಷ 75,000ದವರೆಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇತ್ತು, ಹಾಗಾಗಿ 28,800 ಪೂರ್ತಿ ಕಳೆದು ಸೊನ್ನೆ ಆಗುತ್ತದೆ. ಸೊನ್ನೆ ಆದರೂ ಕಾಗದದಲ್ಲಿ ಇರಲಿ. ಉಳಿತಾಯ ಖಾತೆಯ ಬಡ್ಡಿ 3,100 ಇತ್ತು. ಇದರಲ್ಲಿ ಟಿಡಿಎಸ್ ಇಲ್ಲದ ಕಾರಣ 26ಎಎಸ್‌ನಲ್ಲಿ ಕಾಣುವುದಿಲ್ಲ, ಆದರೆ ಎಐಎಸ್ ಅನ್ನುವ ಇನ್ನೊಂದು ಪಟ್ಟಿಯಲ್ಲಿ ಇರುತ್ತದೆ. ಎರಡೂ ಪಟ್ಟಿ ತೆಗೆದು, ಪಾಸ್‌ಬುಕ್ ಪಕ್ಕದಲ್ಲಿ ಇಟ್ಟುಕೊಂಡು ನೋಡುವುದು ಒಳ್ಳೆಯದು. ಅಣ್ಣನ ಒಟ್ಟು ಆದಾಯ 90,100 ಆಯಿತು. 3 ಲಕ್ಷಕ್ಕೆ ಎಷ್ಟೋ ದೂರ. ತೆರಿಗೆ ಸೊನ್ನೆ, ವಾಪಸ್ ಬರಬೇಕಾದದ್ದು 8,700. ಅಕ್ಕನದ್ದು ಇನ್ನೂ ಸುಲಭ. 72,000 ಆದಾಯ, 7,200 ವಾಪಸ್.

ಯಾವ ಫಾರ್ಮ್ ಅನ್ನುವುದಕ್ಕೆ ಮುಂಚೆ ನಮ್ಮ ಕಡೆಯವರನ್ನು ತಪ್ಪದೆ ಕೇಳಬೇಕಾದ ಮಾತು, ಊರಲ್ಲಿ ತೋಟ, ಗದ್ದೆ ಇದೆಯಾ ಅಂತ. ಮುಂಬೈಯಲ್ಲಿ ಐವತ್ತು ವರ್ಷ ಇದ್ದವರಿಗೂ ಊರಲ್ಲಿ ನಾಲ್ಕು ತೆಂಗಿನ ಮರ ಇರುತ್ತದೆ. ಸುಲಭದ ಫಾರ್ಮ್ ಐಟಿಆರ್-1. ಕೃಷಿ ಆದಾಯ ವರ್ಷಕ್ಕೆ 5,000 ಮೀರಿದರೆ ಅದು ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದು ನಿಜ, ಆದರೂ ಫಾರ್ಮ್ ಬದಲಾಗುತ್ತದೆ. ಅಡಿಕೆ ಪಾಲು ಅಂತ ವರ್ಷಕ್ಕೆ ಐವತ್ತು, ಅರವತ್ತು ಸಾವಿರ ಬರುವವರು ನನ್ನ ಹತ್ತಿರ ಬರುತ್ತಾರೆ. ಅವರು ಅದನ್ನು ಆದಾಯ ಅಂತ ಭಾವಿಸಿಯೇ ಇರುವುದಿಲ್ಲ. ಕೇಳದಿದ್ದರೆ ಹೇಳುವುದೂ ಇಲ್ಲ. ಅಣ್ಣನಿಗೆ ಊರಲ್ಲಿ ಜಾಗ ಇದೆ, ಆದರೆ ಬೆಳೆ ಪೂರ್ತಿ ತಮ್ಮನಿಗೆ, ಇವರಿಗೆ ವರ್ಷಕ್ಕೊಮ್ಮೆ ಒಂದು ಚೀಲ ತೆಂಗಿನಕಾಯಿ ಬರುತ್ತದೆ. ಐಟಿಆರ್-1 ಸಾಕಾಯಿತು.

ಇಷ್ಟು ಆದ ಮೇಲೆ ಫಾರ್ಮ್ ತುಂಬುವುದು ನಿಜವಾಗಿ ಬಹಳ ಹೊತ್ತಿನ ಕೆಲಸ ಅಲ್ಲ. ಹೆಚ್ಚಿನ ಅಂಕಿಗಳು ಮೊದಲೇ ತುಂಬಿ ಬಂದಿರುತ್ತವೆ. ನಿಧಾನ ಆಗುವುದು ಬೇರೆ ಕಡೆ. ಲಾಗಿನ್, ಮೊಬೈಲ್ ನಂಬರ್ ಮತ್ತು ಬ್ಯಾಂಕ್ ಖಾತೆ, ಈ ಮೂರರಲ್ಲಿ.

ಇಲಾಖೆಯ ಪೋರ್ಟಲಿನಲ್ಲಿ ಅಣ್ಣನ ಲಾಗಿನ್ ಯಾರೋ ಹಿಂದೆ ಮಾಡಿಕೊಟ್ಟಿದ್ದರು. ಸ್ಟೇಷನ್ ಹತ್ತಿರದ ಒಂದು ಅಂಗಡಿಯಲ್ಲಿ. ಪಾಸ್‌ವರ್ಡ್ ನೆನಪಿಲ್ಲ, ಅದು ಆಧಾರ್ ಓಟಿಪಿಯಿಂದ ಸರಿ ಆಯಿತು. ಒಳಗೆ ಹೋಗಿ ನೋಡಿದರೆ ಪ್ರೊಫೈಲಿನಲ್ಲಿ ಇದ್ದ ಮೊಬೈಲ್ ಮತ್ತು ಈಮೇಲ್ ಎರಡೂ ಆ ಅಂಗಡಿಯದ್ದು. ಅಂಗಡಿ ಮುಚ್ಚಿ ಬಹಳ ಕಾಲ ಆಗಿದೆ. ಈ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಇದು ಬಹಳ ಕಡೆ ನಡೆಯುತ್ತಿದೆ. ಗಿರಾಕಿ ಮುಂದೆ ಕೂತು ಓಟಿಪಿ ಹೇಳುವುದು, ತಪ್ಪು ಹೇಳುವುದು, ಮತ್ತೆ ಕಳಿಸುವುದು, ಇದೆಲ್ಲಾ ತಪ್ಪಿಸಲು ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಅಂದಿನಿಂದ ಇಲಾಖೆಯ ಪ್ರತಿಯೊಂದು ಸಂದೇಶವೂ ಅಂಗಡಿಗೆ ಹೋಗುತ್ತದೆ. ರಿಟರ್ನ್‌ನಲ್ಲಿ ದೋಷ ಇದೆ, 15 ದಿನದಲ್ಲಿ ಸರಿಪಡಿಸಿ ಅಂತ ನೋಟಿಸ್ ಬಂದರೆ ಅದೂ ಅಲ್ಲಿಗೇ. ಸರಿಪಡಿಸದಿದ್ದರೆ ಆ ರಿಟರ್ನ್ ಹಾಕಿಯೇ ಇಲ್ಲ ಅಂತ ಆಗಬಹುದು. ರಿಫಂಡ್ ಖಾತೆಗೆ ಹೋಗದೆ ನಿಂತರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಪಾಪ, ಅವರು ದುಡ್ಡು ಬರುತ್ತದೆ ಅಂತ ಪಾಸ್‌ಬುಕ್ ಪ್ರಿಂಟ್ ಮಾಡಿಸುತ್ತಲೇ ಇರುತ್ತಾರೆ.

ಈ ಕೆಲಸ ಮಾಡುವವರಿಗೆ ನನ್ನ ಒಂದೇ ಒಂದು ಕೇಳಿಕೆ ಇದ್ದರೆ ಅದು ಇದು. ನಿಮ್ಮ ನಂಬರ್ ಹಾಕಬೇಡಿ. ಸಮಯ ಜಾಸ್ತಿ ಹೋಗಲಿ. ಅವರ ಮೊಬೈಲಿನಲ್ಲೇ ಅವರ ಹೆಸರಿನ ಈಮೇಲ್ ಮಾಡಿಸಿ. ಪಾಸ್‌ವರ್ಡ್ ಅವರೇ ಯೋಚಿಸಿ ಅವರೇ ಒತ್ತಲಿ. ನಾನು ಒಂದು ಸಣ್ಣ ನೋಟ್‌ಬುಕ್ ಕೊಡುತ್ತೇನೆ. ಅದರಲ್ಲಿ ಪಾಸ್‌ವರ್ಡ್ ಮತ್ತು ರಿಟರ್ನ್‌ನ ಅಕ್ನಾಲೆಜ್‌ಮೆಂಟ್ ನಂಬರ್ ಅವರೇ ಬರೆದುಕೊಳ್ಳುತ್ತಾರೆ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ನೋಟ್‌ಬುಕ್ ಅವರ ಕಪಾಟಿಗೆ ಹೋಗುತ್ತದೆ. ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಮುಂದಿನ ವರ್ಷ ಅವರು ಬೇರೆಯವರ ಹತ್ತಿರ ಹೋಗಬೇಕಾದರೂ ತೊಂದರೆ ಇಲ್ಲ.

ಅಕ್ಕನದ್ದು ಬೇರೆ ತರಹದ ತೊಡಕು. ಅವರ ಆಧಾರ್‌ಗೆ ಸೇರಿಸಿದ್ದ ನಂಬರ್ ಮಗನ ಹಳೆಯ ಸಿಮ್‌ನದ್ದು. ಮಗ ಮಸ್ಕತ್‌ನಲ್ಲಿ, ಸಿಮ್ ಬಂದ್ ಆಗಿದೆ. ರಿಟರ್ನ್ ಹಾಕಿದ ಮೇಲೆ ಅದನ್ನು ಆಧಾರ್ ಓಟಿಪಿಯಿಂದ ಖಚಿತಪಡಿಸಬೇಕು. ಓಟಿಪಿ ಬರುವುದು ಆಧಾರ್‌ನಲ್ಲಿ ಇರುವ ನಂಬರಿಗೆ ಮಾತ್ರ. ಅದನ್ನು ಮನೆಯಿಂದ ಬದಲಾಯಿಸಲು ಆಗಲಿಲ್ಲ. ಅಕ್ಕನೇ ಆಧಾರ್ ಕೇಂದ್ರಕ್ಕೆ ಹೋಗಿ, ಬೆರಳು ಕೊಟ್ಟು, ಆಗ ಇದ್ದ 50 ರೂಪಾಯಿ ಶುಲ್ಕ ಕಟ್ಟಿ ತಮ್ಮದೇ ನಂಬರ್ ಹಾಕಿಸಿದರು. ಇದಕ್ಕೆ ಬೇರೆ ಕಾಗದ ಏನೂ ಬೇಕಾಗಿಲ್ಲ. ರಿಟರ್ನ್ ಹಾಕುವ ಮೊದಲೇ ಈ ನಂಬರ್ ಯಾವುದು ಅಂತ ನೋಡಿಕೊಳ್ಳಬೇಕು. ಯಾಕೆಂದರೆ ಹಾಕಿದ ಮೇಲೆ ಖಚಿತಪಡಿಸಲು ಇರುವುದು 30 ದಿನ ಮಾತ್ರ. 'ಸಬ್ಮಿಟ್' ಒತ್ತಿದರೆ ಮುಗಿಯಿತು ಅಂತ ಬಹಳ ಜನ ತಿಳಿದಿದ್ದಾರೆ. ಮುಗಿದಿರುವುದಿಲ್ಲ. ಖಚಿತಪಡಿಸದ ರಿಟರ್ನ್ ಹಾಕದ ರಿಟರ್ನ್‌ಗೆ ಸಮ. ಓಟಿಪಿ ಯಾವ ರೀತಿಯಲ್ಲೂ ಆಗದವರಿಗೆ ಒಂದು ದಾರಿ ಇದೆ. ಐಟಿಆರ್-ವಿ ಅನ್ನುವ ಒಂದು ಹಾಳೆ ಪ್ರಿಂಟ್ ತೆಗೆದು, ಸಹಿ ಹಾಕಿ, ಬೆಂಗಳೂರಿನಲ್ಲಿರುವ ಇಲಾಖೆಯ ಸಿಪಿಸಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಬಹುದು. ಅದಕ್ಕೂ ಅದೇ 30 ದಿನದ ಮಿತಿ.

ಮೂರನೆಯದು ಬ್ಯಾಂಕ್ ಖಾತೆ. ರಿಫಂಡ್ ಬರಬೇಕಾದ ಖಾತೆಯನ್ನು ಪೋರ್ಟಲಿನಲ್ಲಿ ಮೊದಲೇ ಸೇರಿಸಿ, ಅದರ ಪಕ್ಕದಲ್ಲಿ Validated ಅಂತ ಬರಬೇಕು. ಇಲ್ಲದಿದ್ದರೆ ದುಡ್ಡು ಬಿಡುಗಡೆ ಆಗುವುದಿಲ್ಲ. ಇಲ್ಲಿ ನಮ್ಮ ಕರಾವಳಿಯವರಿಗೆ ವಿಶೇಷವಾದ ಒಂದು ತೊಂದರೆ ಇದೆ. ನಮ್ಮವರು ಮುಂಬೈಗೆ ಬಂದಾಗ ಖಾತೆ ತೆರೆದದ್ದು ಊರಿನ ಹೆಸರು ಗೊತ್ತಿದ್ದ ಬ್ಯಾಂಕುಗಳಲ್ಲಿ. ಕೌಂಟರಿನಲ್ಲಿ ಕನ್ನಡವೋ ತುಳುವೋ ಮಾತಾಡುವವರು ಸಿಗುತ್ತಿದ್ದರು ಅಲ್ವಾ. ಆ ಬ್ಯಾಂಕುಗಳು ಈಗ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿದವು. ಹಳೆಯ ಪಾಸ್‌ಬುಕ್ಕಿನಲ್ಲಿ ಅಚ್ಚಾದ ಐಎಫ್‌ಎಸ್‌ಸಿ VIJB, CORP ಅಥವಾ SYNB ಅಂತ ಶುರುವಾಗಿದ್ದರೆ ಅದು ಈಗ ಕೆಲಸ ಮಾಡುವುದಿಲ್ಲ. ಅಣ್ಣ ತಂದದ್ದೂ ಅಂಥದ್ದೇ ಒಂದು ಪಾಸ್‌ಬುಕ್. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿಕೊಂಡು ಬಂದರು. ಇನ್ನೊಂದು ಸಣ್ಣ ವಿಷಯ, ಐಎಫ್‌ಎಸ್‌ಸಿಯ ಐದನೇ ಅಕ್ಷರ ಯಾವಾಗಲೂ ಸೊನ್ನೆ. ಇಂಗ್ಲಿಷಿನ 'ಓ' ಅಲ್ಲ. ಟೈಪ್ ಮಾಡುವಾಗ ಇದು ಬಹಳ ಸಲ ತಪ್ಪುತ್ತದೆ.

ಅಕ್ಕನ ಖಾತೆ ಮಾತ್ರ ಒಪ್ಪಿಗೆ ಆಗಲೇ ಇಲ್ಲ. ಪ್ಯಾನ್ ಮತ್ತು ಆಧಾರ್‌ನಲ್ಲಿ ಹೆಸರು Poojary ಅಂತ ಇತ್ತು, ಪಾಸ್‌ಬುಕ್ಕಿನಲ್ಲಿ Pujari. ಮಹಾರಾಷ್ಟ್ರದಲ್ಲಿ ಬರೆಯುವವರು ತಮ್ಮ ರೂಢಿಯಂತೆ ಬರೆದಿದ್ದಾರೆ, ಯಾರೂ ಗಮನಿಸಿಲ್ಲ. ಈ ತರಹದ ಹೆಸರಿನ ವ್ಯತ್ಯಾಸ ನಮ್ಮವರಲ್ಲಿ ಮನೆಗೊಂದು ಸಿಗುತ್ತದೆ. ಅಪ್ಪನ ಹೆಸರು ಒಂದು ಕಡೆ ಬರೀ ಇನಿಶಿಯಲ್, ಇನ್ನೊಂದು ಕಡೆ ಪೂರ್ತಿ. ಮದುವೆಯಾದ ಮೇಲೆ ಒಂದು ಕಾರ್ಡಿನಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯದ್ದು. ಮನುಷ್ಯರು ನೋಡಿದರೆ ಒಬ್ಬರೇ ಅಂತ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಅದು ಬೇರೆ ಹೆಸರು. ಬ್ಯಾಂಕಿಗೆ ಹೆಸರು ಸರಿಪಡಿಸಲು ಅರ್ಜಿ ಟೈಪ್ ಮಾಡಿದೆ. ಅರ್ಧ ಪುಟ, ಅಷ್ಟೇ. ಖಾತೆ ನಂಬರ್, ಈಗ ಇರುವ ಹೆಸರು, ಬೇಕಾದ ಹೆಸರು, ಜೊತೆಗೆ ಪ್ಯಾನ್ ಮತ್ತು ಆಧಾರ್ ಪ್ರತಿ. ಖಾತೆಗೆ ಪ್ಯಾನ್ ಸೇರಿಸಿ ಅಂತಲೂ ಅದರಲ್ಲೇ ಒಂದು ಸಾಲು ಬರೆದೆ. ಪ್ಯಾನ್ ಸೇರಿರದಿದ್ದರೂ ಖಾತೆ ಒಪ್ಪಿಗೆ ಆಗುವುದಿಲ್ಲ. ಅರ್ಜಿ ಇಂಗ್ಲಿಷಿನಲ್ಲಿ ಇತ್ತು, ಸಹಿ ಹಾಕುವ ಮೊದಲು ಅಕ್ಕನಿಗೆ ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಬ್ಯಾಂಕಿನ ಸೀಲ್ ಹಾಕಿಸಿಕೊಂಡು ಬನ್ನಿ ಅಂದೆ. ಸೀಲ್ ಇಲ್ಲದ ಅರ್ಜಿ ಎಲ್ಲಿಗೆ ಹೋಯಿತು ಅಂತ ಆಮೇಲೆ ಯಾರೂ ಹೇಳುವುದಿಲ್ಲ.

ರಿಟರ್ನ್ ಕಳಿಸುವ ಮೊದಲೂ ನಾನು ಹೀಗೆಯೇ ಓದಿ ಹೇಳುತ್ತೇನೆ. ಇಷ್ಟು ಬಡ್ಡಿ, ಇಷ್ಟು ಪಿಂಚಣಿ, ಇಷ್ಟು ಕಟ್ ಆಗಿದೆ, ಇಷ್ಟು ವಾಪಸ್ ಕೇಳುತ್ತಿದ್ದೇವೆ. ಕೊನೆಯಲ್ಲಿ ಇದೆಲ್ಲಾ ನಿಜ ಅಂತ ಅವರ ಹೆಸರಲ್ಲೇ ಒಂದು ಘೋಷಣೆ ಇದೆ. ಯಾರೇ ಟೈಪ್ ಮಾಡಿದರೂ ಜವಾಬ್ದಾರಿ ಪ್ಯಾನ್ ಇರುವವರದ್ದು. ಇದನ್ನು ಹೇಳಲು ಕಾರಣ ಇದೆ. ಹಿರಿಯರ ಜೊತೆ ಬಂದ ಮಗನೋ ಅಳಿಯನೋ ಪಕ್ಕದಲ್ಲಿ ಕೂತು ಕೇಳುತ್ತಾರೆ, "ನನ್ನ ಸಂಬಳದ್ದಕ್ಕೂ ಜಾಸ್ತಿ ರಿಫಂಡ್ ಬರುವ ಹಾಗೆ ಮಾಡಿಕೊಡಿ. ನಮ್ಮ ಆಫೀಸಿನಲ್ಲಿ ಒಬ್ಬರು ಮಾಡುತ್ತಾರೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ತಗೊಳ್ತಾರೆ." ಕೊಡದ ಬಾಡಿಗೆ ತೋರಿಸುವುದು, ಯಾವುದೋ ಪಕ್ಷಕ್ಕೆ ದೇಣಿಗೆ ಕೊಟ್ಟ ಹಾಗೆ ತೋರಿಸುವುದು, ಇದೇ ಅದರ ಗುಟ್ಟು. 2025ರ ಜುಲೈನಲ್ಲಿ ಇಲಾಖೆ ಇಂಥ ಸುಳ್ಳು ಕಡಿತಗಳನ್ನು ಹಾಕಿಕೊಡುವವರ ಮೇಲೆ ದೇಶದ ಸುಮಾರು 150 ಕಡೆ ತಪಾಸಣೆ ಮಾಡಿತು. ಸಿಕ್ಕಿಬಿದ್ದರೆ ತೆರಿಗೆ ಕಟ್ಟಿ, ಬಡ್ಡಿ ಕಟ್ಟಿ, ಅದರ ಮೇಲೆ ತಪ್ಪಿಸಿದ ತೆರಿಗೆಯ ಎರಡು ಪಟ್ಟಿನವರೆಗೆ ದಂಡ ಬೀಳಬಹುದು. ನೋಟಿಸ್ ಬರುವ ಹೊತ್ತಿಗೆ ಪರ್ಸೆಂಟ್ ತಗೊಂಡವನು ಸಿಗುವುದಿಲ್ಲ. ನಾನು ರಿಟರ್ನ್‌ಗೆ ಇಷ್ಟು ಅಂತ ಒಂದೇ ದರ ತಗೊಳ್ಳುತ್ತೇನೆ. ಎಂಟು ಸಾವಿರ ಬಂದರೂ ಎಂಟುನೂರು ಬಂದರೂ ಅಷ್ಟೇ. ಪರ್ಸೆಂಟ್ ಲೆಕ್ಕದಲ್ಲಿ ದುಡಿಯುವವರು ಅಂಕಿ ದೊಡ್ಡದು ಮಾಡಲೇಬೇಕಾಗುತ್ತದೆ.

ಅಣ್ಣನ ರಿಫಂಡ್ ಮೊದಲು ಬಂತು. ಪಾಸ್‌ಬುಕ್ಕಿನಲ್ಲಿ ITDTAX REFUND ಅಂತ ಸಾಲು ಇತ್ತು. 8,700ಕ್ಕಿಂತ ಸ್ವಲ್ಪ ಜಾಸ್ತಿಯೇ ಬಂದಿತ್ತು. ತಪ್ಪಿ ಬಂದಿದೆಯಾ ಅಂತ ಅಣ್ಣನಿಗೆ ಹೆದರಿಕೆ. ತಪ್ಪಲ್ಲ. ಸಮಯಕ್ಕೆ ರಿಟರ್ನ್ ಹಾಕಿದವರಿಗೆ ಏಪ್ರಿಲ್‌ನಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸೇರಿಸಿ ಕೊಡುತ್ತಾರೆ. 8,700ಕ್ಕೆ ತಿಂಗಳಿಗೆ 43 ರೂಪಾಯಿ ಚಿಲ್ಲರೆ. ಆ ಬಡ್ಡಿಯನ್ನು ಮುಂದಿನ ವರ್ಷದ ಆದಾಯದಲ್ಲಿ ಬರೆಯಬೇಕು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಸಿದೆ. ಇಲಾಖೆಯಿಂದ ಬಂದ ಈಮೇಲಿನ ಕಾಗದ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ. ಪ್ಯಾನ್ ನಂಬರನ್ನು ಸಣ್ಣ ಅಕ್ಷರದಲ್ಲಿ ಬರೆದು, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ ಹಾಕಿದರೆ ತೆರೆಯುತ್ತದೆ. ಇದನ್ನೂ ಬರೆಸಿದೆ. ಅಕ್ಕನ ಹೆಸರು ಬ್ಯಾಂಕಿನಲ್ಲಿ ಸರಿಯಾಗಲು ತಡ ಆಯಿತು, ಹಾಗಾಗಿ ಅವರ ರಿಫಂಡ್ ನಿಧಾನವಾಗಿ ಬಂತು, ಆದರೆ ಪೂರ್ತಿ ಬಂತು.

ಇನ್ನು ಮುಂದೆ ಕಟ್ ಆಗದ ಹಾಗೆ ಮಾಡಲು ಆಗುವುದಿಲ್ಲವಾ ಅಂತ ಅಕ್ಕ ಕೇಳಿದರು. ಆಗುತ್ತದೆ. ಆಗ 60 ದಾಟಿದವರಿಗೆ 15ಎಚ್ ಅನ್ನುವ ಫಾರ್ಮ್ ಇತ್ತು. ನನ್ನ ಆದಾಯಕ್ಕೆ ತೆರಿಗೆ ಬರುವುದಿಲ್ಲ, ಕಟ್ ಮಾಡಬೇಡಿ ಅಂತ ಬ್ಯಾಂಕಿಗೆ ಹೇಳುವ ಫಾರ್ಮ್. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಹೊಸದಾಗಿ ಕೊಡಬೇಕು, ಎಫ್‌ಡಿ ಇರುವ ಪ್ರತಿ ಬ್ಯಾಂಕಿಗೂ ಬೇರೆ ಬೇರೆ. ಒಂದು ವರ್ಷ ಕೊಟ್ಟರೆ ಯಾವಾಗಲೂ ನಡೆಯುತ್ತದೆ ಅಂತ ಅಣ್ಣ ತಿಳಿದಿದ್ದರು. 2025ರ ಏಪ್ರಿಲ್‌ನಿಂದ ಹಿರಿಯರ ಮಿತಿ 50,000ದಿಂದ 1 ಲಕ್ಷಕ್ಕೆ ಏರಿದೆ, ಆದ್ದರಿಂದ ಇವರಿಬ್ಬರಿಗೆ ಈಗ ಫಾರ್ಮ್ ಇಲ್ಲದೆಯೂ ಕಟ್ ಆಗಬಾರದು. ಆದರೆ ಬ್ಯಾಂಕಿನ ದಾಖಲೆಯಲ್ಲಿ ಹುಟ್ಟಿದ ದಿನಾಂಕ ಸರಿ ಇರಬೇಕು. ಇಲ್ಲದಿದ್ದರೆ ಅವರನ್ನು 60ರ ಒಳಗಿನವರು ಅಂತ ಲೆಕ್ಕ ಹಾಕಿ 50,000ಕ್ಕೇ ಕಟ್ ಮಾಡುತ್ತಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವ ಕಾರಣ, ಫಾರ್ಮ್ ಯಾವುದು ಅನ್ನುವುದನ್ನು ಆಯಾ ವರ್ಷ ಬ್ಯಾಂಕಿನಲ್ಲೇ ಕೇಳಿ ತುಂಬಿ. ಹಳೆಯ ಝೆರಾಕ್ಸ್ ಇಟ್ಟುಕೊಂಡು ತುಂಬಬೇಡಿ.

ಉಳಿದದ್ದು ಹಿಂದಿನ ವರ್ಷಗಳ ದುಡ್ಡು. ಅಕ್ಕನ ಪಟ್ಟಿಯಲ್ಲಿ ಅದಕ್ಕೂ ಹಿಂದಿನ ಎರಡು ವರ್ಷ ಕಟ್ ಆದದ್ದು ಇತ್ತು. ಆ ವರ್ಷಗಳ ರಿಟರ್ನ್ ತಡವಾಗಿ ಹಾಕುವ ಡಿಸೆಂಬರ್ 31ರ ಗಡುವೂ ಕಳೆದಿದೆ. ಅಪ್ಡೇಟೆಡ್ ರಿಟರ್ನ್ ಹಾಕಿದರೆ ಆಯಿತು ಅಂತ ಯಾರೋ ಅವರಿಗೆ ಹೇಳಿದ್ದರು. ಅದು ಆಗುವುದಿಲ್ಲ, ಆ ರಿಟರ್ನ್‌ನಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. ಇರುವ ದಾರಿ ತಡ ಆದದ್ದನ್ನು ಮನ್ನಿಸಿ ಅಂತ ಪೋರ್ಟಲಿನಲ್ಲೇ Condonation Request ಹಾಕುವುದು. ಆದಾಯದ ವರ್ಷದ ನಂತರ ಬರುವುದು ಲೆಕ್ಕಾಚಾರದ ವರ್ಷ, ಅದು ಮುಗಿದು ಐದು ವರ್ಷದೊಳಗೆ ಹಾಕಬಹುದು. ಒಪ್ಪಿಗೆ ಸಿಕ್ಕ ಮೇಲೆಯೇ ರಿಟರ್ನ್ ಹಾಕುವುದು. ಕಾರಣ ಬರೆಯುವ ಜಾಗ ಇದೆ. ಕಾಯಿಲೆ ಅಂತ ಬರೆಯಿರಿ, ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂತ ಪರಿಚಯದವರೊಬ್ಬರು ಹೇಳಿದರಂತೆ. ಅಕ್ಕ ಬೇಡ ಅಂದರು. ಇದ್ದದ್ದನ್ನೇ ಬರೆದೆವು. ಕಟ್ ಆದದ್ದು ಅಕ್ಕನ ಪ್ಯಾನ್ ಮೇಲೆ ಅಂತ ಗೊತ್ತಿರಲಿಲ್ಲ, ಪೋರ್ಟಲಿನಲ್ಲಿ ಲಾಗಿನ್ ಇರಲಿಲ್ಲ, ಆಧಾರ್‌ನ ನಂಬರ್ ಬಂದ್ ಆಗಿತ್ತು, ಬೇರೆ ಆದಾಯ ಇಲ್ಲ. ಜೊತೆಗೆ ಎರಡೂ ವರ್ಷದ 16ಎ ಮತ್ತು ಆಧಾರ್ ಕೇಂದ್ರದ ರಸೀದಿ ಸೇರಿಸಿದೆವು. ಮಂಜೂರು ಮಾಡುವುದು, ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಆ ಮಾತನ್ನೂ ಅರ್ಜಿ ಕಳಿಸುವ ಮೊದಲೇ ಅಕ್ಕನಿಗೆ ಹೇಳಿದ್ದೇನೆ.